ದಾರ ಜಡ ಆಗೇತಿ

ಆಯಿಯ ಫೋನು ಬಂದರೆ ಮೊದಲ ಪ್ರಶ್ನೆ ಊಟದ್ದು, ಎರಡನೆಯದು ಮದುವೆಯದು. ಕಳೆದ ವಾರ ಮಾತ್ರ ಎರಡನ್ನೂ ಬಿಟ್ಟು ನೇರವಾಗಿ ಶುರು ಮಾಡಿದಳು. "ತಂಗಿ, ದಾರ ಯಾಕೋ ಜಡ ಆಗೇತಿ ನೋಡ."

ನಾನು ಆಫೀಸಿನ ಕಾರಿಡಾರಿನಲ್ಲಿ ನಿಂತಿದ್ದೆ. "ಎಷ್ಟ್ ಜಡ ಆಯಿ?" ಅಂದೆ.

"ಮೊದ್ಲ ಎರಡ ಬಟ್ಟಿಲೆ ಜಗ್ತಿದ್ನಿ. ಈಗ ಮುಷ್ಟಿಲೆ ಜಗ್ಗಬೇಕಾಗೇತಿ."

"ಹಂಗಾರ ಬಾಟ್ಲಿಯೊಳಗ ನೀರ ಹೊಕ್ಕೈತಿ. ಬದಲ್ ಮಾಡಸ್ಬೇಕು. ಅಲ್ಲೀತನಕ ಮೋಟರ್ ಹಚ್ಚಿದ್ರ ಮುಂದನ ಕುಂದ್ರು."

ಪಕ್ಕದಲ್ಲಿದ್ದ ಗೆಳತಿ ನನ್ನನ್ನು ವಿಚಿತ್ರವಾಗಿ ನೋಡಿದಳು. ಅವಳಿಗೆ ಅರ್ಥವಾಗಬೇಕಾದರೆ ಬೆಟಗೇರಿಗೆ, ಅದೂ ನಾನು ಒಂಬತ್ತನೇ ಕ್ಲಾಸಿನಲ್ಲಿದ್ದ ಬೇಸಿಗೆಗೆ ಹೋಗಬೇಕಾಗುತ್ತದೆ. ನೀವೂ ಬನ್ನಿ.

ಗದಗ-ಬೆಟಗೇರಿಯಲ್ಲಿ ಬೆಳೆದವರಿಗೆ ನೀರು ಅಂದರೆ ವಸ್ತುವಲ್ಲ, ದಿನಾಂಕ. ಮುಂಡರಗಿ ತಾಲ್ಲೂಕಿನ ಹಮ್ಮಿಗಿ ಹತ್ತಿರ ತುಂಗಭದ್ರಾ ಹೊಳೆಯಿಂದ ಎತ್ತಿದ ನೀರು ನಮ್ಮೂರಿಗೆ ಬರಬೇಕು. ನಾನು ಸಣ್ಣವಳಿದ್ದಾಗ ನಮ್ಮ ಓಣಿಗೆ ಅದು ವಾರಕ್ಕೊಮ್ಮೆ, ಬೇಸಿಗೆಯಲ್ಲಿ ಹತ್ತು ದಿನಕ್ಕೊಮ್ಮೆ ಬರುತ್ತಿತ್ತು. ಬಂದರೆ ಹೊತ್ತು ಗೊತ್ತಿಲ್ಲ. ಬಹಳ ಸಲ ರಾತ್ರಿ ಒಂದೋ ಎರಡೋ ಗಂಟೆಗೆ ಯಾರೋ ಓಣಿಯಲ್ಲಿ "ನಳಾ ಬಂತ್ರೇ" ಅಂತ ಕೂಗುತ್ತಿದ್ದರು. ಕೂಡಲೇ ಎಲ್ಲ ಮನೆಗಳ ದೀಪ ಹತ್ತುತ್ತಿದ್ದವು.

ಆಯಿಯದು ನೇಕಾರರ ಓಣಿ. ಅಂಗಳದಲ್ಲಿ ನೆಲದೊಳಗೊಂದು ಟಾಕಿ, ಮಾಳಿಗೆಯ ಮೇಲೆ 500 ಲೀಟರಿನ ಕರಿ ಪ್ಲಾಸ್ಟಿಕ್ ಟಾಕಿ. ನಳದ ನೀರು ಮೊದಲು ನೆಲದ ಟಾಕಿಗೆ ಬೀಳುತ್ತದೆ. ಅಲ್ಲಿಂದ ಅರ್ಧ ಎಚ್‌ಪಿ ಮೋಟರಿನಿಂದ ಮೇಲಕ್ಕೆ ಏರಿಸಬೇಕು. ನಾಳೆ ಬೆಳಗ್ಗೆ ಏರಿಸಿದರಾಯಿತು ಅನ್ನುವ ಹಾಗಿಲ್ಲ. ನಳ ಇರುವಾಗಲೇ ಮೇಲಿನದನ್ನು ತುಂಬಿಸಿದರೆ ಕೆಳಗೆ ಜಾಗ ಖಾಲಿಯಾಗಿ ಇನ್ನೂ 500 ಲೀಟರು ಸಿಗುತ್ತದೆ. ಹತ್ತು ದಿನದ ಸಂಸಾರಕ್ಕೆ ಅದು ದೊಡ್ಡ ಗಳಿಕೆ. ಅದಕ್ಕೇ ಊರೆಲ್ಲ ನಡುರಾತ್ರಿ ಮೋಟರ್ ಹಚ್ಚುತ್ತದೆ, ಹಚ್ಚಿದವರು ಅಲ್ಲೇ ತೂಕಡಿಸುತ್ತಾರೆ, ಟಾಕಿ ತುಂಬಿ ಹರಿಯುತ್ತದೆ.

ಆಯಿಯ ಟಾಕಿ ಹರಿದರೆ ನೀರು ಬೀಳುತ್ತಿದ್ದದ್ದು ಪಕ್ಕದ ಮನೆಯ ಗೋಡೆಯ ಮೇಲೆ. ಅದು ಮಣ್ಣಿನ ಗೋಡೆಯ ಮೇಲ್ಮುದ್ದಿ ಮನೆ. ಮಣ್ಣಿನ ಗೋಡೆಗೆ ಮಳೆ ತಾಗಿದರೆ ಒಣಗುತ್ತದೆ, ಆದರೆ ಒಂದೇ ಜಾಗಕ್ಕೆ ಮೇಲಿಂದ ಮೇಲೆ ನೀರು ಸುರಿದರೆ ಒಳಗಿನ ಮಣ್ಣು ಮೆತ್ತಗಾಗಿ ಹೊಟ್ಟೆ ಬಿಡುತ್ತದೆ. ಆ ಮನೆಯ ಕಾಕಿ ಮೊದಲ ಸಲ ನಗುತ್ತಾ ಹೇಳಿದಳು, ಎರಡನೇ ಸಲ ನಗದೇ ಹೇಳಿದಳು. ಮೂರನೇ ಸಲ ನಮ್ಮ ಅಪ್ಪನಿಗೆ ಫೋನ್ ಮಾಡಿದಳು.

ಅಪ್ಪ ಬಂದು ಗೋಡೆ ನೋಡಿ ತಲೆ ತಗ್ಗಿಸಿ ನಿಂತ. ಆಮೇಲೆ ಆಯಿಗೆ, "ಯವ್ವಾ, ಇನ್ನ ನೀ ಒಬ್ಬಾಕಿನ ಇರೂದು ಸಾಕು. ಗದಗಿನ ಮನಿಗೆ ಬಂದಬಿಡು" ಅಂದ. ಆಯಿ ಉತ್ತರ ಕೊಡಲಿಲ್ಲ. ಆ ಮನೆಯಲ್ಲಿ ಅವಳು ನಲವತ್ತು ವರ್ಷ ಕಂಡಿಕಿ ಸುತ್ತಿದ್ದಳು. ಮಗ್ಗ ಮಾರಿದರೂ ಅದು ನಿಂತಿದ್ದ ಜಾಗವನ್ನು ದಿನಾ ಸಾರಿಸುತ್ತಿದ್ದಳು. ಅವಳನ್ನು ಅಲ್ಲಿಂದ ಎಬ್ಬಿಸಲು ಒಂದು ಟಾಕಿ ಸಾಕು ಅನ್ನುವುದು ನನಗೆ ಸಹಿಸಲಿಲ್ಲ. "ಒಂದ್ ತಿಂಗಳ ಕೊಡಪಾ, ನಾ ಗಂಟಿ ಮಾಡ್ತೀನಿ" ಅಂದೆ.

ಮೊದಲು ಲೆಕ್ಕ. ಮೋಟರಿನ ಪೈಪಿಗೆ 15 ಲೀಟರಿನ ಕೊಡ ಹಿಡಿದು ಗಡಿಯಾರ ನೋಡಿದೆ. 36 ಸೆಕೆಂಡಿಗೆ ತುಂಬಿತು. ಅಂದರೆ ನಿಮಿಷಕ್ಕೆ 25 ಲೀಟರು. ಖಾಲಿ ಟಾಕಿ 20 ನಿಮಿಷದಲ್ಲಿ ಭರ್ತಿ. ಅದರ ಮೇಲೆ ಆಯಿ 40 ನಿಮಿಷ ಕಣ್ಣು ಮುಚ್ಚಿದರೆ ಸಾವಿರ ಲೀಟರು ಕಾಕಿಯ ಗೋಡೆಗೆ. ಕೊಡದ ಲೆಕ್ಕದಲ್ಲಿ 66 ಕೊಡ. ಇದನ್ನು ಹೇಳಿದಾಗ ಆಯಿ ಬಾಯಿಯ ಮೇಲೆ ಸೆರಗು ಇಟ್ಟುಕೊಂಡಳು.

ಸರ್ಕ್ಯೂಟು ಸುಲಭದ್ದು. ನಮ್ಮ ವಿಜ್ಞಾನದ ಸರ್ ಬೋರ್ಡಿನ ಮೇಲೆ ಬರೆದುಕೊಟ್ಟರು. ಒಂದು 9 ವೋಲ್ಟ್ ಬ್ಯಾಟರಿ, ಒಂದು ಬಜರ್, ಒಂದು ರೆಸಿಸ್ಟರ್, ಬಿಸಿ 547 ಅನ್ನುವ ಮೂರು ಕಾಲಿನ ಟ್ರಾನ್ಸಿಸ್ಟರ್. ಟಾಕಿಯೊಳಗೆ ಎರಡು ತಂತಿ ಇಳಿಬಿಡಬೇಕು, ಒಂದು ತಳದ ತನಕ, ಇನ್ನೊಂದು ಮೇಲಿನ ಅಂಚಿನ ತನಕ. ನಮ್ಮ ನೀರಿನಲ್ಲಿ ಕರಗಿದ ಉಪ್ಪುಗಳು ಇರುವುದರಿಂದ ಅದರ ಮೂಲಕ ಚೂರು ಕರೆಂಟ್ ಹರಿಯುತ್ತದೆ. ನೀರು ಮೇಲಿನ ತಂತಿಯನ್ನು ಮುಟ್ಟಿತು ಅಂದರೆ ಆ ಚೂರು ಕರೆಂಟು ಟ್ರಾನ್ಸಿಸ್ಟರಿಗೆ ಹೋಗುತ್ತದೆ, ಟ್ರಾನ್ಸಿಸ್ಟರು ಅದರ ನೂರು ಪಟ್ಟಿಗಿಂತ ಹೆಚ್ಚು ಕರೆಂಟನ್ನು ಬಜರಿಗೆ ಬಿಡುತ್ತದೆ. ಬಕೆಟ್ಟಿನಲ್ಲಿ ಪರೀಕ್ಷೆ ಮಾಡಿದೆ. ಕಿವಿ ಚುಚ್ಚುವ ಹಾಗೆ ಕಿರುಚಿತು. ನಾನೂ ಕಿರುಚಿದೆ.

ಭಾನುವಾರ ಆಯಿಯ ಮನೆಯಲ್ಲಿ ಜೋಡಿಸಿದೆ. ಬಜರನ್ನು ಅವಳ ಹಾಸಿಗೆಯ ಹತ್ತಿರದ ಗೂಡಿನಲ್ಲಿಟ್ಟು, ನಾನು ಮಾಳಿಗೆ ಹತ್ತಿ ಎರಡು ತಂತಿ ಕೂಡಿಸಿದೆ. ಮೇಲಿನವರೆಗೂ ಕೇಳಿತು. ಪಕ್ಕದ ಮನೆಯ ಹುಡುಗ ಹೊರಗೆ ಬಂದು ನೋಡಿದ. ನಾನು ಕೂಗಿದೆ, "ಆಯಿ, ಕೇಳ್ತೇನ?"

"ಹಚ್ಚವ್ವಾ, ಕೇಳಾಕತ್ತೀನಿ," ಅಂದಳು. ಗೂಡಿನಿಂದ ಮೂರಡಿ ದೂರದಲ್ಲಿ ಕೂತಿದ್ದಳು.

ನಾನು ಹಚ್ಚಿಯೇ ಇದ್ದೆ.

ಆಯಿಗೆ ಕಿವಿ ಮಂದ ಅಂತ ಯಾರಿಗೂ ಅನಿಸಿರಲಿಲ್ಲ. ಹಾಲಿನವನ ದನಿ, ಬಾಗಿಲು ಬಡಿದ ಸದ್ದು, ಓಣಿಯ ಜಗಳ ಎಲ್ಲ ಕೇಳುತ್ತಿತ್ತು. ಆದರೆ ಇಂಥ ಸಣ್ಣ ಬಜರುಗಳ ಕೂಗು ಸೆಕೆಂಡಿಗೆ ಮೂರು ಸಾವಿರ ಕಂಪನದ ಆಚೀಚೆಯದು. ವಯಸ್ಸಾದ ಹಾಗೆ ಕಿವಿ ಮೊದಲು ಕಳೆದುಕೊಳ್ಳುವುದು ಇಂಥ ತೆಳು, ಚೂಪು ದನಿಗಳನ್ನೇ. ಅದರ ಮೇಲೆ ಪವರ್‌ಲೂಮಿನ ಸದ್ದಿನಲ್ಲಿ ವರ್ಷಗಟ್ಟಲೆ ಕೂತವರಿಗೆ ಹಾನಿ ಶುರುವಾಗುವುದೂ ಅದೇ ಮೇಲಿನ ಪಟ್ಟಿಯಲ್ಲಿ. ಮಾತು ಕೇಳುತ್ತಲೇ ಇರುವುದರಿಂದ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಅವತ್ತು ಮಧ್ಯಾಹ್ನ ಗಮನಿಸಿದೆ. ಕುಕ್ಕರಿನ ಸೀಟಿಯನ್ನು ಆಯಿ ಕೇಳುತ್ತಿರಲಿಲ್ಲ, ಅಡುಗೆಮನೆ ಬಾಗಿಲಿಗೆ ನಿಂತು ನೋಡಿ ಎಣಿಸುತ್ತಿದ್ದಳು. ಎಷ್ಟು ವರ್ಷದಿಂದ ಹಾಗೆ ನಿಲ್ಲುತ್ತಿದ್ದಳೋ.

ಗದಗಿನಲ್ಲಿ ಅಪ್ಪನ ಪರಿಚಯದ ರೇಡಿಯೋ ರಿಪೇರಿ ಕಾಕಾ ಇದ್ದರು. ವಿಷಯ ಕೇಳಿ, ಬಜರನ್ನು ಪಕ್ಕಕ್ಕಿಟ್ಟು ಒಂದು ಬ್ಯಾಟರಿ ಕಾಲಿಂಗ್ ಬೆಲ್ ತೆಗೆದರು. ಸಣ್ಣ ಸ್ಪೀಕರಿನಲ್ಲಿ ಟಿಂಗ್-ಟಾಂಗ್ ಅನ್ನುವಂಥದ್ದು. ಅದರ ದನಿ ಬಜರಿಗಿಂತ ಬಹಳ ದಪ್ಪ. ಟ್ರಾನ್ಸಿಸ್ಟರನ್ನು ಬೆಲ್ಲಿನ ಒತ್ತುಗುಂಡಿಯ ಜಾಗಕ್ಕೆ ಬೆಸುಗೆ ಹಾಕಿದರು. ಇದನ್ನು ಆಯಿ ಹಿತ್ತಲಿನಿಂದಲೂ ಕೇಳಿಸಿಕೊಂಡಳು. "ಯಾರೋ ಬಂದಾರ ನೋಡ" ಅಂತ ಬಾಗಿಲಿಗೇ ಹೋದಳು.

ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆ ಬೇರೆ ಆಗುತ್ತಿತ್ತು. ಆದರೆ ನನಗೆ ಹುಕಿ. ಟಾಕಿಯಲ್ಲಿ ನೀರು ಅರ್ಧಕ್ಕಿಂತ ಮೇಲಿದ್ದರೆ ಹತ್ತುವ ಒಂದು ಹಸಿರು ದೀಪ ಸೇರಿಸಿದೆ. ನೋಡಲು ಚೆಂದ ಇತ್ತು. ಮುಂದಿನ ಸಲ ನೀರು ಬಂದ ರಾತ್ರಿ ಗಂಟೆ ಸರಿಯಾಗಿ ಹೊಡೆಯಿತು, ಆಯಿ ಮೋಟರ್ ಬಂದ್ ಮಾಡಿದಳು. ಬೆಳಗ್ಗೆ ಓಣಿಗೆಲ್ಲ ಸುದ್ದಿ. ಕಾಕಿ ನನಗೆ ಗಿರಮಿಟ್ ಮಾಡಿಕೊಟ್ಟಳು.

ಒಂಬತ್ತು ದಿನದ ಮೇಲೆ ಮತ್ತೆ ನೀರು ಬಂತು. ಗಂಟೆ ಹೊಡೆಯಲಿಲ್ಲ.

ಬೆಳಗ್ಗೆ ನಾವು ಹೋದಾಗ ಕಾಕಿಯ ಗೋಡೆಯಿಂದ ಒಂದು ಹಾಸಿಗೆಯಷ್ಟು ಅಗಲದ ಮಣ್ಣು ಕೆಳಗೆ ಬಿದ್ದಿತ್ತು. ಪುಣ್ಯಕ್ಕೆ ಆ ಬದಿಗೆ ಯಾರೂ ಮಲಗಿರಲಿಲ್ಲ. ಆಯಿ ಕಟ್ಟೆಯ ಮೇಲೆ ಕೂತಿದ್ದಳು. ನನಗೆ ಒಂದು ಬೈಗುಳವೂ ಇಲ್ಲ. "ಮೊದ್ಲ ಆಗಿದ್ರ ಕುಂತ ನೋಡ್ತಿದ್ನಿ," ಅಂದಳು. "ಈಗ ಗಂಟಿ ಸುಮ್ಮನ ಐತಿ ಅಂದ್ರ ಟಾಕಿ ಇನ್ನಾ ತುಂಬಿಲ್ಲ ಅಂತ ತಿಳದ ಮಲಕೊಂಡ್ನಿ."

ಇಷ್ಟು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿದ್ದೇನೆ, ರಾತ್ರಿ ಸರ್ವರ್ ಬಿದ್ದು ಎದ್ದದ್ದಿದೆ. ಆ ಮಾತಿಗಿಂತ ಸ್ಪಷ್ಟವಾಗಿ ಯಾರೂ ನನಗೆ ಇದನ್ನು ಹೇಳಿಲ್ಲ. ಗಂಟೆ ಇಲ್ಲದಾಗ ಆಯಿ ಎಚ್ಚರ ಇರುತ್ತಿದ್ದಳು, ಆಗೊಮ್ಮೆ ಈಗೊಮ್ಮೆ ತಪ್ಪುತ್ತಿದ್ದಳು. ನಾನು ಗಂಟೆ ಕೊಟ್ಟು ಅವಳ ಎಚ್ಚರವನ್ನು ತೆಗೆದುಕೊಂಡಿದ್ದೆ. ಸುಮ್ಮನಿರುವ ಗಂಟೆಗೆ ಎರಡು ಅರ್ಥ ಇವೆ. ಟಾಕಿ ತುಂಬಿಲ್ಲ ಅನ್ನುವುದು ಒಂದು, ಗಂಟೆ ಸತ್ತಿದೆ ಅನ್ನುವುದು ಇನ್ನೊಂದು. ಎರಡೂ ಒಂದೇ ಥರ ಕೇಳುತ್ತವೆ.

ಸತ್ತದ್ದು ಯಾಕೆ ಅಂತ ಕಾಕಾ ಐದು ನಿಮಿಷದಲ್ಲಿ ಹೇಳಿದರು. ನನ್ನ ಹಸಿರು ದೀಪ ಹತ್ತು ಮಿಲಿ ಆಂಪಿಯರ್ ಕುಡಿಯುತ್ತಿತ್ತು. ಆ ಅಗ್ಗದ 9 ವೋಲ್ಟ್ ಬ್ಯಾಟರಿಯಲ್ಲಿ ಇರುವುದು ಹೆಚ್ಚೆಂದರೆ ನಾನೂರು ಮಿಲಿ ಆಂಪಿಯರ್ ಗಂಟೆ. ನಲವತ್ತು ಗಂಟೆಗೆ ಮುಗಿಯಿತು. ತುಂಬಿದ ಟಾಕಿ ಅರ್ಧಕ್ಕೆ ಇಳಿಯಲು ಆಯಿಗೆ ನಾಲ್ಕು ದಿನ ಬೇಕು. ಅಂದರೆ ನೀರು ಬಂದ ಎರಡನೇ ದಿನವೇ ಬ್ಯಾಟರಿ ಖಾಲಿ, ಉಳಿದ ಏಳು ದಿನ ಆಯಿ ಸತ್ತ ಗಂಟೆಯ ಪಕ್ಕದಲ್ಲಿ ಮಲಗಿದ್ದಳು. ದೀಪ ಆರಿದ್ದನ್ನು ಅವಳು ನೋಡಿದ್ದಳು. ನೀರು ಅರ್ಧಕ್ಕಿಳಿದಿದೆ ಅಂದುಕೊಂಡಿದ್ದಳು.

ಕಾಕಾ ಇನ್ನೊಂದನ್ನೂ ತೋರಿಸಿದರು. ಟಾಕಿಯಲ್ಲಿ ಮುಳುಗಿದ್ದ ಪಾಸಿಟಿವ್ ತಂತಿಯ ತುದಿ ಹಸಿರು-ಕಪ್ಪಾಗಿತ್ತು. ಒಂದೇ ದಿಕ್ಕಿನ ಕರೆಂಟು ನೀರಿನಲ್ಲಿ ಹರಿಯುತ್ತಿದ್ದರೆ ಪಾಸಿಟಿವ್ ಬದಿಯ ತಾಮ್ರ ಕರಗಿ ನೀರಿಗೆ ಸೇರುತ್ತಾ ಹೋಗುತ್ತದೆ. "ಇನ್ನೊಂದಿಷ್ಟ್ ತಿಂಗಳಿಗೆ ತುದಿನ ಇರಾಂಗಿಲ್ಲವಾ. ಆಗ ಬ್ಯಾಟರಿ ಹೊಸಾದಿದ್ರೂ ಹೊಡ್ಯಾಂಗಿಲ್ಲ. ಮತ್ತ ಆ ನೀರ ನಿಮ್ಮಜ್ಜಿ ಅನ್ನಕ್ಕ ಹಾಕ್ತಾಳ" ಅಂದರು.

ಗೋಡೆಗೆ ಅಪ್ಪ ದುಡ್ಡು ಕೊಟ್ಟ. ಆಯಿಯ ಟ್ರಂಕು ಕಟ್ಟುವ ಮಾತು ಮತ್ತೆ ಶುರುವಾಯಿತು. ನನ್ನ ತಿಂಗಳಲ್ಲಿ ಎಂಟು ದಿನ ಉಳಿದಿದ್ದವು.

ಈ ಸಲ ನೀರಿನೊಳಗೆ ಕರೆಂಟೇ ಬೇಡ ಅಂದುಕೊಂಡೆ. ಒಂದು ಲೀಟರಿನ ಖಾಲಿ ಬಾಟಲಿಯ ಮುಚ್ಚಳದಲ್ಲಿ ತೂತು ಕೊರೆದು ಅಲ್ಯೂಮಿನಿಯಂ ಕಡ್ಡಿ ನಿಲ್ಲಿಸಿ, ಸಂದಿಗೆ ಎಂ-ಸೀಲ್ ಮೆತ್ತಿದೆ. ಟಾಕಿಯ ಮುಚ್ಚಳದಲ್ಲಿ ವೈರಿಂಗ್ ಪೈಪಿನ ತುಂಡು ಕೂಡಿಸಿ ಕಡ್ಡಿಯನ್ನು ಅದರೊಳಗಿಂದ ಮೇಲೆ ತಂದೆ. ಬಾಟಲಿ ಟಾಕಿಯೊಳಗೆ ತೂಗುತ್ತದೆ, ಕಡ್ಡಿಯ ತಲೆ ಹೊರಗಿರುತ್ತದೆ. ತಲೆಗೊಂದು ಅಡ್ಡಪಟ್ಟಿ. ನೀರು ಬಾಟಲಿಯನ್ನು ಎತ್ತಿದರೆ ಕಡ್ಡಿ ಏರುತ್ತದೆ, ಅಡ್ಡಪಟ್ಟಿ ಒಂದು ಮೈಕ್ರೋ ಸ್ವಿಚ್ಚನ್ನು ಒತ್ತುತ್ತದೆ. ಆ ಸ್ವಿಚ್ಚು ಕಾಕಾನ ಗುಜರಿ ಡಬ್ಬಿಯದು. ಖಾಲಿ ಲೀಟರ್ ಬಾಟಲಿ ಪೂರ್ತಿ ಮುಳುಗಿದರೆ ನೀರು ಅದನ್ನು ಹತ್ತಿರ ಹತ್ತಿರ ಒಂದು ಕಿಲೋ ಬಲದಿಂದ ಮೇಲಕ್ಕೆ ನೂಕುತ್ತದೆ, ಆ ಸ್ವಿಚ್ಚಿಗೆ ಅದರ ಸ್ವಲ್ಪ ಪಾಲು ಸಾಕು. ಸ್ವಿಚ್ಚಿನಿಂದ ಎರಡು ತಂತಿ ನೇರ ಕೆಳಗಿನ ಕಾಲಿಂಗ್ ಬೆಲ್ಲಿಗೆ. ಟ್ರಾನ್ಸಿಸ್ಟರು ಇಲ್ಲ, ಹಸಿರು ದೀಪ ಇಲ್ಲ, 9 ವೋಲ್ಟ್ ಬ್ಯಾಟರಿ ಇಲ್ಲ. ಬೆಲ್ಲಿನ ಶೆಲ್ಲುಗಳು ಖರ್ಚಾಗುವುದು ಬಹುಪಾಲು ಅದು ಹೊಡೆದಾಗಲಷ್ಟೇ.

ಎಷ್ಟು ಎತ್ತರಕ್ಕೆ ಹೊಡೆಯಬೇಕು? ಆಯಿ ನಿದ್ದೆಯಿಂದ ಎದ್ದು, ಸೆರಗು ಸರಿ ಮಾಡಿಕೊಂಡು, ಚಪ್ಪಲಿ ಹುಡುಕಿ, ಮೋಟರಿನ ಸ್ವಿಚ್ಚಿಗೆ ಬರಲು ಎರಡು ನಿಮಿಷ. ಒಂದು ನಿಮಿಷ ಹೆಚ್ಚು ಇಟ್ಟೆ. ಮೂರು ನಿಮಿಷಕ್ಕೆ 75 ಲೀಟರು. ಆ ಟಾಕಿಯಲ್ಲಿ ಅದು ಸುಮಾರು 13 ಸೆಂಟಿಮೀಟರು. ಹರಿಯುವ ಬಾಯಿಗಿಂತ ಅಷ್ಟು ಕೆಳಗೆ ನೀರಿದ್ದಾಗಲೇ ಗಂಟೆ ಹೊಡೆಯುವ ಹಾಗೆ ಕಡ್ಡಿಯ ಉದ್ದ ಕತ್ತರಿಸಿದೆ.

ಇನ್ನು ಉಳಿದದ್ದು ಆ ಎರಡು ಅರ್ಥದ ಸಮಸ್ಯೆ. ಬೆಲ್ಲಿಗೆ ಕೆಳಗೇ ಇನ್ನೊಂದು ಗುಂಡಿ ಇಡಬಹುದಿತ್ತು. ಒತ್ತಿದರೆ ಬೆಲ್ಲು, ಶೆಲ್ಲು ಸರಿ ಇವೆಯೋ ಗೊತ್ತಾಗುತ್ತದೆ. ಆದರೆ ಮಾಳಿಗೆಯ ತಂತಿ ಕೋತಿ ಕಿತ್ತಿದ್ದರೆ, ಸ್ವಿಚ್ಚಿಗೆ ಧೂಳು ಹಿಡಿದಿದ್ದರೆ, ಕಡ್ಡಿ ಪೈಪಿನಲ್ಲಿ ಸಿಕ್ಕಿಕೊಂಡಿದ್ದರೆ ಆ ಗುಂಡಿ ಏನೂ ಹೇಳುವುದಿಲ್ಲ. ಎಲ್ಲ ಸರಿ ಇದೆ ಅಂತ ಸುಳ್ಳು ಹೇಳುತ್ತದೆ. ಇದನ್ನು ಯೋಚಿಸುತ್ತಾ ಕೂತಿದ್ದಾಗ ಆಯಿಯೇ ಕೇಳಿದಳು, "ನೀರ ಎತ್ತೂದನ್ನ ನಾ ಇಲ್ಲಿಂದ ಎತ್ತಾಕ ಬರಾಂಗಿಲ್ಲೇನ?"

ಮಗ್ಗದ ಮನೆಯಲ್ಲಿ ದಾರಕ್ಕೆ ಬರವೇ? ಕಡ್ಡಿಯ ತಲೆಗೆ ದಾರ ಕಟ್ಟಿ, ಮೇಲಿನ ಕೊಕ್ಕೆಯಿಂದ ಹಾಯಿಸಿ, ಮಾಳಿಗೆಯ ಅಂಚಿನಿಂದ ಅಂಗಳಕ್ಕೆ ಇಳಿಬಿಟ್ಟೆವು. ದಾರ ಜಗ್ಗಿದರೆ ಬಾಟಲಿ ಏರುತ್ತದೆ, ಅಡ್ಡಪಟ್ಟಿ ಒತ್ತುತ್ತದೆ, ಗಂಟೆ ಹೊಡೆಯುತ್ತದೆ. ನೀರು ಮಾಡುವ ಕೆಲಸವನ್ನು ಕೈ ಮಾಡುತ್ತದೆ, ದಾರಿಯಲ್ಲಿರುವ ಒಂದೊಂದು ತುಂಡೂ ಪರೀಕ್ಷೆಯಾಗುತ್ತದೆ. ನಿಯಮ ಒಂದೇ. ಮೋಟರ್ ಹಚ್ಚುವ ಮೊದಲು ದಾರ ಜಗ್ಗಬೇಕು. ಗಂಟೆ ಹೊಡೆದರೆ ಮಲಗಬಹುದು, ಇಲ್ಲವಾದರೆ ಕೂರಬೇಕು.

ಅಪ್ಪ ಆ ತಿಂಗಳು ಟ್ರಂಕು ಕಟ್ಟಲಿಲ್ಲ. ಮುಂದಿನ ತಿಂಗಳೂ ಇಲ್ಲ. ಕಾಕಿಯ ಗೋಡೆ ಒಣಗಿತು. ಲಕ್ಷ್ಮೇಶ್ವರದ ನಮ್ಮ ಅತ್ತೆ ತನಗೂ ಒಂದು ಬೇಕು ಅಂದಳು, ಶಿರಹಟ್ಟಿಯ ಅವಳ ನಾದಿನಿಗೂ ಮಾಡಿಕೊಟ್ಟೆ. ಅತ್ತೆಯದು ಬೋರಿನ ಸವಳು ನೀರು. ಆರು ತಿಂಗಳಿಗೆ ಕಡ್ಡಿಗೆ ಬಿಳಿ ಉಪ್ಪು ಕಟ್ಟಿ ಪೈಪಿನಲ್ಲಿ ಬಿಗಿಯಿತು. ದಾರ ಜಗ್ಗಿದರೆ ಕಡ್ಡಿ ಅಲುಗಲಿಲ್ಲ, ಅದರಿಂದಲೇ ಗೊತ್ತಾಯಿತು. ಹುಣಸೆಹುಳಿ ಹಚ್ಚಿ ತಿಕ್ಕಿ, ಇನ್ನೂ ಅಗಲದ ಪೈಪು ಹಾಕಿದೆವು.

ಇದು ಮೋಟರನ್ನು ತಾನೇ ಬಂದ್ ಮಾಡುವುದಿಲ್ಲ. ಅಂಥ ಪೆಟ್ಟಿಗೆ ಅಂಗಡಿಯಲ್ಲಿ ಸಿಗುತ್ತದೆ, ಮೊದಲ ಸಂಬಳದಲ್ಲಿ ತಂದೂ ಕೊಟ್ಟೆ. ಆಯಿ ಅದನ್ನು ಗೂಡಿನಲ್ಲಿ ಇಟ್ಟಿದ್ದಾಳೆ. "ಅದರೊಳಗ ಏನ್ ನಡದೈತಿ ನನಗ ಹೆಂಗ ತಿಳೀಬೇಕ?" ಅಂತ ಅವಳ ಪ್ರಶ್ನೆ. ಉತ್ತರ ನನ್ನ ಹತ್ತಿರ ಇರಲಿಲ್ಲ.

ದಾರ ಜಡವಾದ ವಿಷಯಕ್ಕೆ ಬರುತ್ತೇನೆ. ಎಂ-ಸೀಲ್ ಬಿರುಕು ಬಿಟ್ಟರೆ ಬಾಟಲಿಗೆ ನೀರು ಹೊಗುತ್ತದೆ. ನೀರು ಹೊಕ್ಕಷ್ಟೂ ಅದು ತೇಲುವ ಬಲ ಕಡಿಮೆ. ಪೂರ್ತಿ ತುಂಬಿದರೆ ಏಳುವುದೇ ಇಲ್ಲ. ಆಗಲೂ ಕೈಯಿಂದ ಜಗ್ಗಿದರೆ ಗಂಟೆ ಹೊಡೆಯುತ್ತದೆ, ಯಾಕೆಂದರೆ ಎತ್ತುತ್ತಿರುವುದು ಕೈ, ನೀರಲ್ಲ. ನನ್ನ ಪರೀಕ್ಷೆಯಲ್ಲಿ ಉಳಿದಿದ್ದ ಒಂದೇ ತೂತು ಅದು. ಒಂಬತ್ತನೇ ಕ್ಲಾಸಿನಲ್ಲಿ ನನಗದು ಹೊಳೆದಿರಲಿಲ್ಲ. ಆಯಿಗೂ ಯಾರೂ ಹೇಳಿಕೊಟ್ಟಿರಲಿಲ್ಲ. ನಲವತ್ತು ವರ್ಷ ನೂಲಿನ ಬಿಗಿ ನೋಡಿದ ಬೆರಳುಗಳು, ಅರ್ಧ ಲೀಟರ್ ನೀರಿನ ಭಾರ ಹೆಚ್ಚಾದದ್ದನ್ನು ಹಿಡಿದವು.

ಕಾಕಿಯ ಮಗ ಮೊನ್ನೆ ಮಾಳಿಗೆ ಹತ್ತಿ ಬಾಟಲಿ ಬದಲಿಸಿದ. ಫೋನು ಸ್ಪೀಕರಿನಲ್ಲಿತ್ತು. ಹಳೆಯದರಲ್ಲಿ ಅರ್ಧಕ್ಕಿಂತ ಹೆಚ್ಚು ನೀರಿತ್ತಂತೆ. ಹೊಸದನ್ನು ಕೂಡಿಸಿ ಅವನು "ಆಯಿ, ಜಗ್ಗು" ಅಂದ. ಟಿಂಗ್-ಟಾಂಗ್ ನನಗೂ ಕೇಳಿತು.

"ಹಗರ ಆತ ನೋಡ," ಅಂದಳು ಆಯಿ. "ಊಟಾ ಆತೇನ್ ನಿಂದು?"